ಖಾಲಿ ವೃತ್ತದ ಚರಿತ್ರೆ

1934ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಎಂಟು ಪುಟಗಳ ಒಂದು ಗಣಿತ ಲೇಖನ ಅಚ್ಚಾಯಿತು. ಪತ್ರಿಕೆ ರಷ್ಯಾದ್ದು, ಲೇಖನದ ಭಾಷೆ ಮಾತ್ರ ಫ್ರೆಂಚ್. ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ 'ಖಾಲಿ ಗೋಳವನ್ನು ಕುರಿತು' ಎಂದಾಗುತ್ತದೆ. ಶೀರ್ಷಿಕೆಯ ಜೊತೆಗೇ ಒಂದು ಅರ್ಪಣೆ ಇತ್ತು: ಜಾರ್ಜ್ ವೊರೊನೊಯ್ ನೆನಪಿಗೆ. ಬರೆದವರು ಬೊರಿಸ್ ನಿಕೊಲಾಯೆವಿಚ್ ಡೆಲೊನೆ. ಅವರ ಪೂರ್ವಜನೊಬ್ಬ 1812ರಲ್ಲಿ ನೆಪೋಲಿಯನ್ನನ ಸೈನ್ಯದೊಂದಿಗೆ ರಷ್ಯಾಕ್ಕೆ ಬಂದು ಸೆರೆಸಿಕ್ಕಿ ಅಲ್ಲೇ ಉಳಿದುಕೊಂಡ ಫ್ರೆಂಚ್ ಅಧಿಕಾರಿ. ಮನೆತನದ ಹೆಸರು ರಷ್ಯನ್ ನಾಲಿಗೆಯ ಮೇಲೆ ಡೆಲೊನೆ ಆಯಿತು. ಫ್ರೆಂಚಿನಲ್ಲಿ ಬರೆಯುವಾಗ ಅವರು ಹಳೆಯ ಕಾಗುಣಿತವನ್ನೇ ಬಳಸಿದರು. ಹಾಗಾಗಿ ಇಂದು ಎಂಜಿನಿಯರಿಂಗ್ ಪುಸ್ತಕಗಳಲ್ಲಿ ನಾವು ಓದುವುದು 'ಡೆಲಾನೆ ತ್ರಿಭುಜ ಜಾಲ' ಎಂದು.

ಈ ಲೇಖನ ನನ್ನನ್ನು ಹಿಡಿದಿಟ್ಟದ್ದು ಅದರ ಪ್ರಸಿದ್ಧಿಯಿಂದಲ್ಲ. ಅದರಲ್ಲಿ ನಕ್ಷೆಯ ಮಾತಿಲ್ಲ, ಕಂಪ್ಯೂಟರಿನ ಮಾತು ಇರಲು ಸಾಧ್ಯವೇ ಇರಲಿಲ್ಲ. ಡೆಲೊನೆಗೆ ಆಸಕ್ತಿ ಇದ್ದದ್ದು ಸಂಖ್ಯಾ ಸಿದ್ಧಾಂತದಲ್ಲಿ, ಹರಳುಗಳ ಜೋಡಣೆಯಲ್ಲಿ. ಆದರೂ ಆ ಎಂಟು ಪುಟಗಳೊಳಗೆ ಒಂದು ಪ್ರಶ್ನೆಗೆ ಉತ್ತರವಿತ್ತು: ಒಂದು ದೊಡ್ಡ ವ್ಯವಸ್ಥೆಯನ್ನು ಸರಿಪಡಿಸಲು ಅದರ ಪಕ್ಕಪಕ್ಕದ ಎರಡೆರಡು ತುಂಡುಗಳನ್ನು ಮಾತ್ರ ನೋಡುತ್ತ ಹೋದರೆ ಸಾಕೇ? ಅಥವಾ ಎಲ್ಲವನ್ನೂ ಒಟ್ಟಿಗೆ ನೋಡಲೇಬೇಕೇ? ಆ ಉತ್ತರವನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಇನ್ನೂ ನಾಲ್ಕು ದಶಕ ಬೇಕಾಯಿತು.

ಮೊದಲು ಪ್ರಶ್ನೆಯನ್ನೇ ಸರಿಯಾಗಿ ಇಟ್ಟುಕೊಳ್ಳೋಣ. ಹಾಳೆಯ ಮೇಲೆ ಒಂದಷ್ಟು ಚುಕ್ಕಿಗಳಿವೆ. ನಮ್ಮ ಅಂಗಳದ ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ ಇಟ್ಟವಲ್ಲ, ಎಲ್ಲೆಂದರಲ್ಲಿ ಚೆಲ್ಲಿದವು. ಗೆರೆಗಳು ಒಂದನ್ನೊಂದು ದಾಟದಂತೆ ಚುಕ್ಕಿಗಳನ್ನು ಜೋಡಿಸುತ್ತ ಹೋಗಿ, ಇನ್ನೊಂದು ಗೆರೆ ಎಳೆಯಲು ಜಾಗವೇ ಇಲ್ಲ ಎನ್ನುವವರೆಗೆ ಎಳೆದರೆ ಇಡೀ ಪ್ರದೇಶ ತ್ರಿಭುಜಗಳಾಗಿ ಒಡೆದುಕೊಳ್ಳುತ್ತದೆ. ಆದರೆ ಹೀಗೆ ಒಡೆಯುವ ರೀತಿ ಒಂದೇ ಅಲ್ಲ. ಚುಕ್ಕಿಗಳು ಒಂದು ಉಬ್ಬಿದ ಬಹುಭುಜದ ಮೂಲೆಗಳಲ್ಲಿದ್ದರೆ ಎಷ್ಟು ರೀತಿ ಎಂಬುದನ್ನು 1751ರಲ್ಲಿ ಆಯ್ಲರ್ ತಮ್ಮ ಗೆಳೆಯ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಲೆಕ್ಕ ಹಾಕಿದ್ದಾರೆ. ನಾಲ್ಕು ಚುಕ್ಕಿಗೆ 2, ಐದಕ್ಕೆ 5, ಆರಕ್ಕೆ 14, ಹತ್ತಕ್ಕೆ 1430. ಇಪ್ಪತ್ತು ಚುಕ್ಕಿಗೆ ಬರುವ ಹೊತ್ತಿಗೆ ಆ ಸಂಖ್ಯೆ 47 ಕೋಟಿ 76 ಲಕ್ಷವನ್ನು ದಾಟುತ್ತದೆ. ಇಷ್ಟರಲ್ಲಿ ಯಾವುದನ್ನು ಆರಿಸಬೇಕು?

ಡೆಲೊನೆಯ ಆಯ್ಕೆ ಹೀಗಿದೆ. ಪ್ರತಿ ತ್ರಿಭುಜದ ಮೂರು ಮೂಲೆಗಳ ಮೂಲಕ ಹಾದುಹೋಗುವ ವೃತ್ತವೊಂದಿದೆ. ಶಾಲೆಯಲ್ಲಿ ನಾವು ಅದನ್ನು ಪರಿವೃತ್ತ ಎಂದು ಕಲಿತಿದ್ದೇವೆ. ಆ ವೃತ್ತದ ಒಳಗೆ ಬೇರೆ ಯಾವ ಚುಕ್ಕಿಯೂ ಇರಬಾರದು. ಎಲ್ಲ ತ್ರಿಭುಜಗಳ ಪರಿವೃತ್ತಗಳೂ ಖಾಲಿ ಇರುವ ಜೋಡಣೆಯೇ ಬೇಕಾದ ಜೋಡಣೆ. ಹಾಳೆಯ ಮೇಲೆ ವೃತ್ತ, ಮೂರು ಆಯಾಮದಲ್ಲಿ ಗೋಳ. ಶೀರ್ಷಿಕೆಯ 'ಖಾಲಿ ಗೋಳ' ಬಂದದ್ದು ಇಲ್ಲಿಂದ.

ವೊರೊನೊಯ್ ನೆನಪಿಗೆ ಏಕೆ? 1868ರಲ್ಲಿ ಇಂದಿನ ಉಕ್ರೇನಿನ ಜುರಾವ್ಕಾ ಹಳ್ಳಿಯಲ್ಲಿ ಹುಟ್ಟಿ, ವಾರ್ಸಾದಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ವೊರೊನೊಯ್ 1908ರಲ್ಲಿ, ನಲವತ್ತರ ವಯಸ್ಸಿಗೇ ತೀರಿಕೊಂಡರು. ಅದೇ ವರ್ಷ ಪ್ರಕಟವಾದ ಅವರ ದೀರ್ಘ ಲೇಖನದಲ್ಲಿ ಜಾಗವನ್ನು ಚುಕ್ಕಿಗಳ ನಡುವೆ ಹಂಚುವ ಒಂದು ಕ್ರಮವಿತ್ತು: ಯಾವ ಜಾಗಕ್ಕೆ ಯಾವ ಚುಕ್ಕಿ ಎಲ್ಲಕ್ಕಿಂತ ಹತ್ತಿರವೋ ಆ ಜಾಗ ಆ ಚುಕ್ಕಿಯ ಪಾಲು. ನಮ್ಮ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದೇ ಹಂಚಿಕೆ ಥೀಸನ್ ಬಹುಭುಜ ಎಂಬ ಹೆಸರಿನಲ್ಲಿ ಪರಿಚಿತ. ಆಲ್ಫ್ರೆಡ್ ಥೀಸನ್ 1911ರಲ್ಲಿ ಅಮೆರಿಕದ ಹವಾಮಾನ ಪತ್ರಿಕೆಯೊಂದರಲ್ಲಿ, ಚದುರಿದ ಮಳೆಮಾಪಕಗಳಿಂದ ಇಡೀ ಪ್ರದೇಶದ ಸರಾಸರಿ ಮಳೆಯನ್ನು ಕಂಡುಹಿಡಿಯಲು ಇದನ್ನು ಸೂಚಿಸಿದ್ದರು. ಪಾಲುಗಳ ನಡುವೆ ಗಡಿ ಹಂಚಿಕೊಂಡ ಚುಕ್ಕಿಗಳನ್ನೆಲ್ಲ ಗೆರೆ ಎಳೆದು ಜೋಡಿಸಿ ನೋಡಿ, ಸಿಗುವುದು ಡೆಲೊನೆಯ ತ್ರಿಭುಜ ಜಾಲ. ಮೂರು ಪಾಲುಗಳು ಸೇರುವ ಜಾಗ ಮೂರು ಚುಕ್ಕಿಗಳಿಗೂ ಸಮಾನ ದೂರದಲ್ಲಿರುತ್ತದೆ, ಬೇರೆ ಯಾವ ಚುಕ್ಕಿಯೂ ಅದಕ್ಕಿಂತ ಹತ್ತಿರವಿರುವುದಿಲ್ಲ. ಖಾಲಿ ವೃತ್ತದ ಕೇಂದ್ರ ಎಂದರೆ ಅದೇ ತಾನೆ?

ಜಾಲ ಇದೆ ಎಂದು ತಿಳಿಯುವುದು ಒಂದು, ಅದನ್ನು ಕಟ್ಟುವುದು ಇನ್ನೊಂದು. ಇಲ್ಲಿ ಕಥೆ ಲೆನಿನ್‌ಗ್ರಾಡ್, ಮಾಸ್ಕೋಗಳಿಂದ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೆ ಹೋಗುತ್ತದೆ. ಅಲ್ಲಿದ್ದ ಚಾರ್ಲ್ಸ್ ಲಾಸನ್ ಗಣಿತದ ತಂತ್ರಾಂಶ ಬರೆಯುವವರು. ಅವರ ಮುಂದಿದ್ದ ಸಮಸ್ಯೆ ಬೇರೆ. ಎಲ್ಲೆಲ್ಲೋ ಚದುರಿದ ಚುಕ್ಕಿಗಳಲ್ಲಿ ಒಂದು ಅಳತೆ ಗೊತ್ತಿದೆ, ಎತ್ತರವೋ ಉಷ್ಣತೆಯೋ ಇರಬಹುದು. ನಡುವಿನ ಜಾಗದಲ್ಲೆಲ್ಲ ಆ ಅಳತೆ ಎಷ್ಟಿರಬಹುದು ಎಂದು ಹೇಳುವ ಮೇಲ್ಮೈಯೊಂದು ಬೇಕು. ಅದಕ್ಕೆ ಮೊದಲು ತ್ರಿಭುಜಗಳು ಬೇಕು, ತ್ರಿಭುಜಗಳು ಸಪೂರ ಸೀಳುಗಳಂತಿರಬಾರದು.

ಲಾಸನ್ ಕೈಗೆತ್ತಿಕೊಂಡ ಉಪಕರಣ ತೀರಾ ಸರಳವಾದದ್ದು. ಒಂದು ಗೆರೆಯ ಎರಡು ಬದಿಗೆ ಎರಡು ತ್ರಿಭುಜಗಳಿವೆ. ಎರಡೂ ಸೇರಿ ಒಂದು ಚತುರ್ಭುಜ, ನಡುವಿನ ಗೆರೆ ಅದರ ಕರ್ಣ. ಆ ಕರ್ಣವನ್ನು ಅಳಿಸಿ ಇನ್ನೊಂದು ಕರ್ಣವನ್ನು ಎಳೆದರೆ ಅದೇ ಜಾಗ ಬೇರೆ ಎರಡು ತ್ರಿಭುಜಗಳಾಗುತ್ತದೆ. ಇಂಗ್ಲಿಷಿನವರು ಇದನ್ನು ಫ್ಲಿಪ್ ಎನ್ನುತ್ತಾರೆ. ನಾನು ಕರ್ಣಪಲ್ಲಟ ಎನ್ನುತ್ತೇನೆ. 1972ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಲಾಸನ್ ತೋರಿಸಿದ್ದು: ಒಂದೇ ಚುಕ್ಕಿಗಳ ಯಾವ ಎರಡು ತ್ರಿಭುಜ ಜಾಲಗಳನ್ನು ತೆಗೆದುಕೊಂಡರೂ ಒಂದರಿಂದ ಇನ್ನೊಂದಕ್ಕೆ ಕೇವಲ ಕರ್ಣಪಲ್ಲಟಗಳಿಂದ ಹೋಗಬಹುದು. 1977ರಲ್ಲಿ ವಿಸ್ಕಾನ್ಸಿನ್‌ನ ವಿಚಾರ ಸಂಕಿರಣದಲ್ಲಿ ಮಂಡಿಸಿದ ಬರಹದಲ್ಲಿ ಯಾವ ಪಲ್ಲಟ ಮಾಡಬೇಕು, ಯಾವುದು ಬೇಡ ಎಂಬ ನಿಯಮವನ್ನೂ ಕೊಟ್ಟರು.

ನಿಯಮವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಗ್ರಾಫ್ ಹಾಳೆಯ ಮೇಲೆ ಮಾಡಿ ನೋಡುವುದು ಒಳ್ಳೆಯದು. ನಾನು ಇದನ್ನು ಅರ್ಥಮಾಡಿಕೊಂಡದ್ದೂ ಪೆನ್ಸಿಲ್ ಹಿಡಿದೇ. ಓದುಗರೂ ಒಂದು ಹಾಳೆ ತೆಗೆದುಕೊಂಡರೆ ಮುಂದಿನದು ಸುಲಭ.

ಐದು ಚುಕ್ಕಿಗಳನ್ನು ದಿಕ್ಕಿನ ಹೆಸರಿಟ್ಟು ಗುರುತಿಸೋಣ. ಪಶ್ಚಿಮ (0, 0), ಪೂರ್ವ (8, 0), ಉತ್ತರ (4, 1), ದಕ್ಷಿಣ (4, −1), ಮತ್ತು ವಾಯವ್ಯ (2, 2). ಮೊದಲಿಗೆ ಪಶ್ಚಿಮ–ಪೂರ್ವ ಗೆರೆ ಎಳೆಯಿರಿ. ಅದರ ಮೇಲ್ಬದಿಗೆ ಉತ್ತರವನ್ನೂ ಕೆಳಬದಿಗೆ ದಕ್ಷಿಣವನ್ನೂ ಜೋಡಿಸಿದರೆ ಎರಡು ಚಪ್ಪಟೆ ತ್ರಿಭುಜಗಳು. ವಾಯವ್ಯವನ್ನು ಪಶ್ಚಿಮಕ್ಕೆ, ಉತ್ತರಕ್ಕೆ, ಪೂರ್ವಕ್ಕೆ ಜೋಡಿಸಿದರೆ ಇನ್ನೆರಡು. ಒಟ್ಟು ನಾಲ್ಕು ತ್ರಿಭುಜಗಳು, ಒಳಗಿನ ಗೆರೆಗಳೂ ನಾಲ್ಕು.

ಪಶ್ಚಿಮ–ಪೂರ್ವ ಗೆರೆಯನ್ನು ಪರೀಕ್ಷಿಸೋಣ. ಪಶ್ಚಿಮ, ಪೂರ್ವ, ಉತ್ತರ ಈ ಮೂರರ ಮೂಲಕ ಹೋಗುವ ವೃತ್ತದ ಕೇಂದ್ರ ಬಹಳ ಕೆಳಗೆ, (4, −7.5)ರಲ್ಲಿ, ತ್ರಿಜ್ಯ 8.5. ದಕ್ಷಿಣ ಚುಕ್ಕಿ ಆ ಕೇಂದ್ರದಿಂದ 6.5 ದೂರದಲ್ಲಿದೆ, ಅಂದರೆ ವೃತ್ತದ ಒಳಗೆ. ಈ ಗೆರೆ ತಪ್ಪು. ಅಳಿಸಿ, ಉತ್ತರ–ದಕ್ಷಿಣ ಗೆರೆ ಎಳೆಯಿರಿ. ಈಗ ಪಶ್ಚಿಮ, ಉತ್ತರ, ದಕ್ಷಿಣಗಳ ವೃತ್ತ ಚಿಕ್ಕದು: ಕೇಂದ್ರ (2.125, 0), ತ್ರಿಜ್ಯವೂ 2.125. ಪೂರ್ವ ಚುಕ್ಕಿ ಅದರಿಂದ ಬಹು ದೂರ. ಆ ಚತುರ್ಭುಜದಲ್ಲಿ ಮೊದಲು ಅತಿ ಚಿಕ್ಕ ಕೋನ 14 ಡಿಗ್ರಿ ಇತ್ತು, ಈಗ 28 ಡಿಗ್ರಿ.

ವೃತ್ತ ಬರೆಯದೆಯೂ ಇದನ್ನು ಹೇಳಬಹುದು. ಚಕ್ರೀಯ ಚತುರ್ಭುಜದ ಎದುರು ಕೋನಗಳ ಮೊತ್ತ 180 ಡಿಗ್ರಿ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಕರ್ಣದ ಆಚೆ ಈಚೆ ಇರುವ ಎರಡು ಎದುರು ಕೋನಗಳನ್ನು ಕೂಡಿಸಿ. 180ಕ್ಕಿಂತ ಹೆಚ್ಚಾದರೆ ನಾಲ್ಕನೆಯ ಚುಕ್ಕಿ ವೃತ್ತದ ಒಳಗಿದೆ, ಕರ್ಣ ಬದಲಿಸಬೇಕು. ಕಡಿಮೆಯಾದರೆ ಹಾಗೇ ಬಿಡಬೇಕು. ಇಲ್ಲಿ ಉತ್ತರ ಮತ್ತು ದಕ್ಷಿಣದ ಕೋನಗಳು ತಲಾ 152 ಡಿಗ್ರಿ. ಅನುಮಾನಕ್ಕೆ ಎಡೆಯೇ ಇಲ್ಲ.

ಕೆಲಸ ಮುಗಿಯಲಿಲ್ಲ. ಒಂದು ಗೆರೆಯನ್ನು ಬದಲಿಸಿದಾಗ ಅದರ ಸುತ್ತಲಿನ ನಾಲ್ಕು ಗೆರೆಗಳಿಗೆ ಹೊಸ ನೆರೆಹೊರೆ ಬಂದಿರುತ್ತದೆ. ಪಶ್ಚಿಮ–ಉತ್ತರ ಗೆರೆಯನ್ನು ನೋಡಿ. ಮೊದಲು ಅದು ಸರಿಯಾಗಿಯೇ ಇತ್ತು: ವಾಯವ್ಯ ಚುಕ್ಕಿ ಹಳೆಯ ದೊಡ್ಡ ವೃತ್ತದ ಕೇಂದ್ರದಿಂದ ಸುಮಾರು 9.7 ದೂರದಲ್ಲಿದ್ದು ಹೊರಗೇ ಉಳಿದಿತ್ತು. ಈಗ ಆ ಗೆರೆಯ ಕೆಳಗಿರುವುದು ಹೊಸ ತ್ರಿಭುಜ, ಹೊಸ ವೃತ್ತ. ಅದರ ಕೇಂದ್ರದಿಂದ ವಾಯವ್ಯ ಚುಕ್ಕಿಯ ದೂರ ಸುಮಾರು 2.004, ತ್ರಿಜ್ಯ 2.125. ಕೂದಲೆಳೆಯಷ್ಟು ಅಂತರದಲ್ಲಿ ಒಳಗೆ. ಕೋನಗಳ ಲೆಕ್ಕವೂ ಅದನ್ನೇ ಹೇಳುತ್ತದೆ: ವಾಯವ್ಯದಲ್ಲಿ 108.4, ದಕ್ಷಿಣದಲ್ಲಿ 76, ಮೊತ್ತ 184ಕ್ಕೂ ಹೆಚ್ಚು. ಒಂದನ್ನು ಸರಿಪಡಿಸಿದ್ದರಿಂದ ಸರಿಯಿದ್ದ ಇನ್ನೊಂದು ಕೆಟ್ಟಿತು. ಅದನ್ನೂ ಅಳಿಸಿ ವಾಯವ್ಯ–ದಕ್ಷಿಣ ಗೆರೆ ಎಳೆಯಿರಿ. ಮತ್ತೆ ಸುತ್ತಲಿನ ಗೆರೆಗಳನ್ನು ಪರೀಕ್ಷಿಸಿ. ಈ ಸಲ ಎಲ್ಲವೂ ಸರಿಯಿವೆ. ಎರಡು ಪಲ್ಲಟಗಳಲ್ಲಿ ಜಾಲ ಸಿದ್ಧ.

ಲಾಸನ್ನರ ವಿಧಾನ ಇಷ್ಟೇ. ಅನುಮಾನವಿರುವ ಗೆರೆಗಳ ಒಂದು ಪಟ್ಟಿ ಇಟ್ಟುಕೊಳ್ಳುವುದು, ಒಂದೊಂದನ್ನೇ ತೆಗೆದು ಪರೀಕ್ಷಿಸುವುದು, ತಪ್ಪಿದ್ದರೆ ಬದಲಿಸಿ ಸುತ್ತಲಿನ ನಾಲ್ಕನ್ನು ಪಟ್ಟಿಗೆ ಸೇರಿಸುವುದು, ಪಟ್ಟಿ ಖಾಲಿಯಾದಾಗ ನಿಲ್ಲಿಸುವುದು.

ಆದರೆ ಪಟ್ಟಿ ಖಾಲಿಯಾಗಿಯೇ ಆಗುತ್ತದೆ ಎಂಬುದಕ್ಕೆ ಏನು ಖಾತರಿ? ಇಲ್ಲಿ ಮೂರು ಭಯಗಳಿವೆ. ತಪ್ಪು ಗೆರೆ ಸಿಕ್ಕರೂ ಬದಲಿಸಲು ಆಗದೇ ಹೋಗಬಹುದು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತ, ಸುತ್ತಿ ಸುತ್ತಿ ಮೊದಲಿನ ಜಾಗಕ್ಕೇ ಬರಬಹುದು. ಅಥವಾ ಎಲ್ಲ ನೆರೆಹೊರೆಗಳೂ ಸರಿಯೆಂದು ಕಂಡು ನಿಂತ ಮೇಲೂ, ಎಲ್ಲೋ ದೂರದ ಚುಕ್ಕಿಯೊಂದು ಯಾವುದೋ ವೃತ್ತದೊಳಗೆ ಉಳಿದಿರಬಹುದು.

ಮೊದಲ ಭಯಕ್ಕೆ ಉತ್ತರ ಚಿತ್ರದಲ್ಲೇ ಇದೆ. ಎರಡು ತ್ರಿಭುಜ ಸೇರಿದ ಚತುರ್ಭುಜ ಒಂದು ಮೂಲೆಯಲ್ಲಿ ಒಳಕ್ಕೆ ಬಾಗಿದ್ದರೆ ಇನ್ನೊಂದು ಕರ್ಣ ಹೊರಗೆ ಬೀಳುತ್ತದೆ, ಪಲ್ಲಟ ಸಾಧ್ಯವಿಲ್ಲ. ಆದರೆ ತಪ್ಪು ಗೆರೆಗೆ ಹೀಗಾಗುವುದೇ ಇಲ್ಲ. ಉತ್ತರ ಚುಕ್ಕಿಯಲ್ಲಿ ನಿಂತು ಪಶ್ಚಿಮ–ಪೂರ್ವ ಗೆರೆಯನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ. ಗೆರೆಯಾಚೆ ವೃತ್ತದೊಳಗೆ ಉಳಿದ ಭಾಗವೆಲ್ಲ ನಿಮಗೆ ಆ ಗೆರೆಯ ಹಿಂದೆಯೇ ಅಡಗಿರುತ್ತದೆ, ಪಕ್ಕಕ್ಕೆ ಚಾಚುವುದಿಲ್ಲ. ಹಾಗಾಗಿ ಅಲ್ಲಿರುವ ಯಾವ ಚುಕ್ಕಿಗೆ ಗೆರೆ ಎಳೆದರೂ ಅದು ಪಶ್ಚಿಮ–ಪೂರ್ವ ಗೆರೆಯನ್ನು ನಡುವೆಯೇ ದಾಟಬೇಕು. ಕರ್ಣ ಒಳಗೇ ಬೀಳುತ್ತದೆ.

ಎರಡನೆಯ ಭಯವನ್ನು ನೀಗಲು ಹಾಳೆಯಿಂದ ಮೇಲೇಳಬೇಕು. ಖಾಲಿ ವೃತ್ತದ ಪ್ರಶ್ನೆಯನ್ನು ಮೂರು ಆಯಾಮಕ್ಕೆ ಎತ್ತುವ ಈ ದಾರಿಯನ್ನು 1979ರಲ್ಲಿ ಕೆವಿನ್ ಬ್ರೌನ್ ಗೋಳದ ಮೂಲಕ ತೋರಿಸಿದರು; 1986ರಲ್ಲಿ ಹರ್ಬರ್ಟ್ ಎಡೆಲ್ಸ್‌ಬ್ರುನರ್ ಮತ್ತು ರೈಮಂಡ್ ಸೈಡೆಲ್ ಅದನ್ನು ಬಟ್ಟಲಿನಾಕಾರದ ಪ್ಯಾರಾಬೊಲಾಯ್ಡ್‌ಗೆ ಒಗ್ಗಿಸಿದರು. ಪ್ರತಿ ಚುಕ್ಕಿಯನ್ನೂ ಅದರ ಎರಡು ಅಂಕಿಗಳ ವರ್ಗಗಳ ಮೊತ್ತದಷ್ಟು ಎತ್ತರಕ್ಕೆ ಏರಿಸಿ. ಪಶ್ಚಿಮ 0 ಎತ್ತರದಲ್ಲಿ, ಪೂರ್ವ 64ರಲ್ಲಿ, ಉತ್ತರ ಮತ್ತು ದಕ್ಷಿಣ ಎರಡೂ 17ರಲ್ಲಿ. ಚುಕ್ಕಿಗಳೆಲ್ಲ ಒಂದು ದೊಡ್ಡ ಬಟ್ಟಲಿನ ಗೋಡೆಗೆ ಅಂಟಿಕೊಂಡಂತಾಯಿತು. ಈಗ ಎರಡು ಕರ್ಣಗಳು ದಾಟುವ (4, 0) ಜಾಗದ ಮೇಲೆ ನೋಡಿ. ಪಶ್ಚಿಮ–ಪೂರ್ವ ಗೆರೆ ಅಲ್ಲಿ 32ರ ಎತ್ತರದಲ್ಲಿ ಹಾದುಹೋಗುತ್ತದೆ. ಉತ್ತರ–ದಕ್ಷಿಣ ಗೆರೆ 17ರಲ್ಲಿ. ಸರಿಯಾದ ಕರ್ಣ ಕೆಳಗಿದೆ.

ಇದು ಈ ನಾಲ್ಕು ಚುಕ್ಕಿಗಳ ಆಕಸ್ಮಿಕವಲ್ಲ. ಹೀಗೆ ಏರಿಸಿದಾಗ 'ವೃತ್ತದ ಒಳಗೆ' ಎಂಬ ಮಾತು 'ತ್ರಿಭುಜದ ಸಮತಲಕ್ಕಿಂತ ಕೆಳಗೆ' ಎಂಬ ಮಾತಾಗಿ ಬದಲಾಗುತ್ತದೆ. ಆದ್ದರಿಂದ ಪ್ರತಿ ಸರಿಯಾದ ಪಲ್ಲಟವೂ ತ್ರಿಭುಜಗಳ ಹೊದಿಕೆಯನ್ನು ಒಂದು ಕಡೆ ಕೆಳಕ್ಕೆ ಇಳಿಸುತ್ತದೆ, ಎಲ್ಲೂ ಮೇಲಕ್ಕೆ ಎತ್ತುವುದಿಲ್ಲ. ಅಳಿಸಿದ ಗೆರೆ ಹೊದಿಕೆಯ ಮೇಲೆ ಉಳಿದುಹೋಯಿತು. ಹೊದಿಕೆ ಮತ್ತೆ ಏರದಿದ್ದರೆ ಆ ಗೆರೆ ಮರಳಿ ಬರುವಂತಿಲ್ಲ. ಇಪ್ಪತ್ತು ಚುಕ್ಕಿಗಳ ನಡುವೆ ಎಳೆಯಬಹುದಾದ ಗೆರೆಗಳು ಒಟ್ಟು 190. ಪ್ರತಿಯೊಂದೂ ಹೆಚ್ಚೆಂದರೆ ಒಮ್ಮೆ ಅಳಿಯಬಹುದು. ಅಂದರೆ 47 ಕೋಟಿ ಜಾಲಗಳ ನಡುವೆ ಎಲ್ಲಿಂದ ಹೊರಟರೂ 190 ಪಲ್ಲಟಗಳೊಳಗೆ ದಾರಿ ಮುಗಿಯಲೇಬೇಕು. ಈ ವಿಷಯದಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ ಲೆಕ್ಕ ಇದು.

ಮೂರನೆಯ ಭಯಕ್ಕೆ ಉತ್ತರ ಕೊಟ್ಟವರು ಸ್ವತಃ ಡೆಲೊನೆ, 1934ರಲ್ಲೇ. ಪಕ್ಕಪಕ್ಕದ ಪ್ರತಿ ಜೋಡಿಯೂ ಖಾಲಿ ವೃತ್ತದ ಪರೀಕ್ಷೆಯಲ್ಲಿ ಗೆದ್ದರೆ ಇಡೀ ಜಾಲವೇ ಗೆದ್ದಂತೆ ಎಂಬುದು ಅವರ ಲೇಖನದ ಒಂದು ಮುಖ್ಯ ಫಲಿತ. ಬಟ್ಟಲಿನ ಚಿತ್ರದಲ್ಲಿ ಇದನ್ನು ಹೀಗೆ ಕಾಣಬಹುದು: ಹೊದಿಕೆಯ ಪ್ರತಿ ಮಡಿಕೆಯೂ ಬಟ್ಟಲಿನಂತೆ ಮೇಲ್ಮುಖವಾಗಿ ಬಾಗಿದ್ದರೆ ಇಡೀ ಹೊದಿಕೆಯೂ ಒಂದು ಬಟ್ಟಲೇ ಆಗಬೇಕು, ಆಗ ಯಾವ ತ್ರಿಭುಜದ ಸಮತಲದ ಕೆಳಗೂ ಯಾವ ಚುಕ್ಕಿಯೂ ಇರಲಾರದು. 1978ರಲ್ಲಿ ಬ್ರಿಟನ್ನಿನ ರಾಬಿನ್ ಸಿಬ್ಸನ್ ಇದೇ ಸಂಗತಿಯನ್ನು ಕೋನಗಳ ಕಡೆಯಿಂದ ಮುಚ್ಚಿದರು. ಪ್ರತಿ ಚತುರ್ಭುಜದಲ್ಲೂ ಚಿಕ್ಕ ಕೋನವನ್ನು ಆದಷ್ಟು ದೊಡ್ಡದು ಮಾಡುವ ಕರ್ಣವನ್ನೇ ಇಟ್ಟುಕೊಂಡ ಜಾಲ ಡೆಲೊನೆಯ ಜಾಲವಲ್ಲದೆ ಬೇರೆಯಲ್ಲ ಎಂದು ಮೂರೇ ಪುಟಗಳ ಬರಹದಲ್ಲಿ ಸಾಧಿಸಿದರು. ಲಾಸನ್ ಹುಡುಕಿದ 'ಸೀಳಲ್ಲದ ತ್ರಿಭುಜ' ಮತ್ತು ಡೆಲೊನೆಯ 'ಖಾಲಿ ವೃತ್ತ' ಒಂದೇ ವಸ್ತುವಿನ ಎರಡು ಹೆಸರುಗಳು.

ಸೀಳು ತ್ರಿಭುಜದಿಂದ ಆಗುವ ಕೆಡುಕೇನು? ನಮ್ಮದೇ ಚುಕ್ಕಿಗಳಿಗೆ ಎತ್ತರ ಕೊಡಿ. ಪಶ್ಚಿಮ ಮತ್ತು ಪೂರ್ವ 60 ಮೀಟರಿನ ಎರಡು ದಿಬ್ಬಗಳು. ನಡುವೆ ಉತ್ತರದಿಂದ ದಕ್ಷಿಣಕ್ಕೆ ಹಳ್ಳವೊಂದು ಹರಿಯುತ್ತಿದೆ. ಆ ಎರಡು ಚುಕ್ಕಿಗಳ ಎತ್ತರ 40 ಮೀಟರ್. ಪಶ್ಚಿಮ–ಪೂರ್ವ ಕರ್ಣ ಇಟ್ಟುಕೊಂಡರೆ ನಟ್ಟನಡುವಿನ ಎತ್ತರ 60 ಎಂದು ನಕ್ಷೆ ಹೇಳುತ್ತದೆ: ಹಳ್ಳಕ್ಕೆ ಅಡ್ಡಲಾಗಿ, ನೆಲದ ಮೇಲೆ ಎಲ್ಲೂ ಇಲ್ಲದ 20 ಮೀಟರಿನ ಅಣೆಕಟ್ಟು. ಕರ್ಣ ಬದಲಿಸಿದರೆ ನಡುವಿನ ಎತ್ತರ 40 ಆಗಿ ನೀರು ಹರಿಯುತ್ತದೆ. 1970ರ ದಶಕದಲ್ಲಿ ಭೂಮಿಯ ಏರಿಳಿತವನ್ನು ತ್ರಿಭುಜಗಳಿಂದ ಹಿಡಿದಿಡುವ ಟಿನ್ ಎಂಬ ಪದ್ಧತಿ ರೂಪುಗೊಂಡಾಗ ಅದಕ್ಕೆ ಈ ಜಾಲ ಒದಗಿಬಂದದ್ದು ಸಹಜವೇ ಆಗಿತ್ತು.

ಇಲ್ಲೊಂದು ಎಚ್ಚರಿಕೆಯ ಮಾತು ಬೇಕು. ಖಾಲಿ ವೃತ್ತದ ನಿಯಮ ಎತ್ತರವನ್ನು ನೋಡುವುದೇ ಇಲ್ಲ. ಹಾಳೆಯ ಮೇಲಿನ ಜಾಗವನ್ನಷ್ಟೇ ನೋಡುತ್ತದೆ. ಅದೇ ನಾಲ್ಕು ಚುಕ್ಕಿಗಳಲ್ಲಿ ಹಳ್ಳ ಪಶ್ಚಿಮದಿಂದ ಪೂರ್ವಕ್ಕೆ ಹರಿದು, ಉತ್ತರ ದಕ್ಷಿಣಗಳು ಎರಡು ದಂಡೆಗಳಾಗಿದ್ದರೆ? ನಿಯಮ ಆಗಲೂ ಉತ್ತರ–ದಕ್ಷಿಣ ಗೆರೆಯನ್ನೇ ಎಳೆಯುತ್ತದೆ, ಈ ಸಲ ಅಣೆಕಟ್ಟು ಕಟ್ಟುವುದು ಅದೇ. ಸಮೋನ್ನತ ರೇಖೆಗಳು ಹಳ್ಳದ ನಡುವೆ ಮುಚ್ಚಿಕೊಂಡು, ನೀರು ಹೊರಹೋಗಲಾಗದ ಗುಂಡಿಗಳ ಸಾಲು ಕಂಡರೆ ಇದೇ ಆಗಿದೆ ಎಂದು ತಿಳಿಯಬಹುದು. ಹಳ್ಳದ ಗುಂಟ ಅಳತೆಯ ಚುಕ್ಕಿಗಳನ್ನು ಹತ್ತಿರ ಹತ್ತಿರ ಇಡುವುದು ಒಂದು ಪರಿಹಾರ. ಇನ್ನೊಂದು, ಹಳ್ಳದ ಗೆರೆಯನ್ನು ಬದಲಿಸಕೂಡದ ಗೆರೆ ಎಂದು ಮೊದಲೇ ಕಟ್ಟುಹಾಕಿ ಉಳಿದವನ್ನು ಮಾತ್ರ ಪಲ್ಲಟಕ್ಕೆ ಬಿಡುವುದು. ಸರ್ವೆಯವರು ಇಂಥ ಗೆರೆಯನ್ನು ಬ್ರೇಕ್‌ಲೈನ್ ಎನ್ನುತ್ತಾರೆ.

ನಮ್ಮ ಐದು ಚುಕ್ಕಿಗಳ ಜಾಲದಲ್ಲೇ ಇನ್ನೊಂದು ಮಿತಿ ಅಡಗಿದೆ. ವಾಯವ್ಯ, ಉತ್ತರ, ಪೂರ್ವ ಸೇರಿದ ತ್ರಿಭುಜವನ್ನು ನೋಡಿ. ಪೂರ್ವದಲ್ಲಿ ಅದರ ಕೋನ ಬರೀ 4.4 ಡಿಗ್ರಿ. ಎಲ್ಲ ಪಲ್ಲಟ ಮುಗಿದ ಮೇಲೂ ಈ ಸೀಳು ಹಾಗೇ ಇದೆ. ವಾಯವ್ಯ–ಪೂರ್ವ ಗೆರೆ ಇಡೀ ಗುಂಪಿನ ಹೊರ ಅಂಚು. ಅದರ ಬೆನ್ನಿಗೇ ಉತ್ತರ ಚುಕ್ಕಿ ನಿಂತಿದೆ. ಯಾವ ರೀತಿಯಲ್ಲಿ ಒಡೆದರೂ ಈ ತ್ರಿಭುಜ ತಪ್ಪುವುದಿಲ್ಲ. ಡೆಲೊನೆಯ ಜಾಲ ಇರುವ ಚುಕ್ಕಿಗಳಲ್ಲಿ ಸಾಧ್ಯವಿರುವ ಅತ್ಯುತ್ತಮವನ್ನು ಕೊಡುತ್ತದೆ, ಚೆನ್ನಾಗಿಯೇ ಇರುತ್ತದೆ ಎಂಬ ಮಾತು ಕೊಡುವುದಿಲ್ಲ. ಅದಕ್ಕಿಂತ ಚೆನ್ನಾಗಿರಬೇಕಾದರೆ ಹೊಸ ಚುಕ್ಕಿಗಳನ್ನೇ ಸೇರಿಸಬೇಕು.

ಕಂಪ್ಯೂಟರಿಗೆ ಹಾಕಿದಾಗ ಬರುವ ತೊಡಕು ಬೇರೆ ರೀತಿಯದು. ನಾಲ್ಕು ಚುಕ್ಕಿಗಳು ಒಂದೇ ವೃತ್ತದ ಮೇಲೆ ಕೂತಿದ್ದರೆ ಎರಡು ಕರ್ಣಗಳೂ ಸರಿ. ಚೌಕದ ನಾಲ್ಕು ಮೂಲೆಗಳನ್ನು ನೆನೆಯಿರಿ. ಯಾವುದನ್ನಾದರೂ ಇಟ್ಟುಕೊಂಡು ಸುಮ್ಮನಿರಬೇಕು. ಆದರೆ ದಶಮಾಂಶಗಳನ್ನು ಕತ್ತರಿಸಿ ಲೆಕ್ಕ ಮಾಡುವ ಯಂತ್ರಕ್ಕೆ ಒಂದು ಸಲ ಈ ಕರ್ಣ ತಪ್ಪೆಂದೂ ಮತ್ತೊಂದು ಸಲ ಆ ಕರ್ಣ ತಪ್ಪೆಂದೂ ಕಾಣಬಹುದು. ಆಗ ಅದು ಒಂದೇ ಚತುರ್ಭುಜದಲ್ಲಿ ಎರಡು ಗೆರೆಗಳನ್ನು ಕೊನೆಯಿಲ್ಲದೆ ಅದಲುಬದಲು ಮಾಡುತ್ತ ಕೂರುತ್ತದೆ. ಬಟ್ಟಲಿನ ವಾದ ಸುಳ್ಳಾಯಿತೆಂದಲ್ಲ. ಆ ವಾದಕ್ಕೆ ನಿಖರವಾದ ಎತ್ತರ ಬೇಕು, ಇಲ್ಲಿ ಸಿಕ್ಕಿದ್ದು ಅಂದಾಜಿನ ಎತ್ತರ. ಜೊನಾಥನ್ ಷೂಚಕ್ 1990ರ ದಶಕದಲ್ಲಿ ಇದಕ್ಕೊಂದು ಮಿತವ್ಯಯದ ದಾರಿ ಕಂಡುಕೊಂಡರು: ಉತ್ತರ ಸ್ಪಷ್ಟವಾಗಿದ್ದಾಗ ಅಂದಾಜಿನ ಲೆಕ್ಕ, ಸೊನ್ನೆಯ ತೀರಾ ಹತ್ತಿರ ಬಂದಾಗ ಮಾತ್ರ ಬೇಕಾದಷ್ಟು ನಿಖರತೆ.

ಇನ್ನು ಡೆಲೊನೆಯ ಮೂಲ ಶೀರ್ಷಿಕೆಗೆ, ಗೋಳಕ್ಕೆ, ಹಿಂತಿರುಗಬೇಕು. ಖಾಲಿ ಗೋಳದ ಜಾಲ ಮೂರು ಆಯಾಮದಲ್ಲೂ ಇದೆ. ಅಲ್ಲಿ ತ್ರಿಭುಜದ ಬದಲು ನಾಲ್ಕು ಮುಖಗಳ ಘನಗಳು. ಪಕ್ಕಪಕ್ಕದವು ಸರಿಯಿದ್ದರೆ ಎಲ್ಲವೂ ಸರಿ ಎಂಬ ಅವರ ಮಾತೂ ಅಲ್ಲಿ ನಿಲ್ಲುತ್ತದೆ. ಹಾಗಿದ್ದರೆ ಪಲ್ಲಟಗಳಿಂದ ಅಲ್ಲಿಗೂ ತಲುಪಬಹುದಲ್ಲ? ಇಲ್ಲ. ಅಲ್ಲಿ ಪಲ್ಲಟವೆಂದರೆ ಎರಡು ಘನಗಳನ್ನು ತೆಗೆದು ಮೂರು ಇಡುವುದು ಅಥವಾ ಮೂರನ್ನು ತೆಗೆದು ಎರಡು ಇಡುವುದು. ಹಾಳೆಯ ಮೇಲೆ ತಪ್ಪು ಗೆರೆಯನ್ನು ಯಾವಾಗಲೂ ಬದಲಿಸಬಹುದಿತ್ತು. ಮೂರು ಆಯಾಮದಲ್ಲಿ ಆ ಭರವಸೆ ಮುರಿಯುತ್ತದೆ: ತಪ್ಪು ಮುಖವೊಂದು ಸಿಕ್ಕರೂ ಸುತ್ತಲಿನ ಆಕಾರ ಒಳಕ್ಕೆ ಬಾಗಿದ್ದು ಕೈಹಾಕಲು ಆಗದೇ ಹೋಗಬಹುದು. ತಪ್ಪುಗಳು ಕಣ್ಣೆದುರೇ ಇದ್ದರೂ ಒಂದನ್ನೂ ತಿದ್ದಲಾಗದೆ ಸಿಕ್ಕಿಬೀಳುವ ಜಾಲವನ್ನು 1989ರಲ್ಲಿ ಬ್ಯಾರಿ ಜೋ ತೋರಿಸಿಕೊಟ್ಟರು. ಎರಡು ವರ್ಷಗಳ ನಂತರ ಅವರೇ ಒಂದು ದಾರಿಯನ್ನೂ ಕೊಟ್ಟರು. ಎಲ್ಲ ಚುಕ್ಕಿಗಳನ್ನು ಒಮ್ಮೆಗೇ ಹರಡಿಕೊಂಡು ತಿದ್ದಲು ಹೊರಡಬಾರದು. ಸರಿಯಾದ ಜಾಲಕ್ಕೆ ಒಂದೇ ಒಂದು ಹೊಸ ಚುಕ್ಕಿ ಸೇರಿಸಿ, ಅದು ಕೆಡಿಸಿದ್ದನ್ನು ಪಲ್ಲಟಗಳಿಂದ ಸರಿಪಡಿಸಿ, ಆಮೇಲೆ ಮುಂದಿನದಕ್ಕೆ ಹೋದರೆ ಸಿಕ್ಕಿಬೀಳುವುದಿಲ್ಲ.

ಡೆಲೊನೆ 1980ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಅವರು ಪಳಗಿದ ಪರ್ವತಾರೋಹಿ. ಅಲ್ತಾಯ್ ಪರ್ವತಗಳಲ್ಲಿ ಒಂದು ಶಿಖರಕ್ಕೆ ಅವರ ಹೆಸರಿದೆ. 1934ರಲ್ಲೇ, ಖಾಲಿ ಗೋಳದ ಲೇಖನ ಬಂದ ವರ್ಷವೇ, ಲೆನಿನ್‌ಗ್ರಾಡಿನ ಶಾಲಾ ಮಕ್ಕಳಿಗಾಗಿ ಸೋವಿಯತ್ ದೇಶದ ಮೊದಲ ಗಣಿತ ಒಲಿಂಪಿಯಾಡ್ ಏರ್ಪಡಿಸಿದವರಲ್ಲಿ ಅವರೂ ಒಬ್ಬರು. ಅವರ ಬದುಕಿನ ಕೊನೆಯ ಹತ್ತು ವರ್ಷಗಳೊಳಗೆ ಲಾಸನ್ ಮತ್ತು ಸಿಬ್ಸನ್ ತಮ್ಮ ಕೆಲಸ ಮುಗಿಸಿದ್ದರು. ಹರಳುಗಳಿಗಾಗಿ ಹುಟ್ಟಿದ ಖಾಲಿ ಗೋಳ ಆ ಹೊತ್ತಿಗೆ ಹಾಳೆಯ ಮೇಲಿನ ಖಾಲಿ ವೃತ್ತವಾಗಿ ಹಳ್ಳಕೊಳ್ಳಗಳ ನಕ್ಷೆಗೆ ಇಳಿದಿತ್ತು. ಮೇಲಿನ ಐದು ಚುಕ್ಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದವರು ಈಗ ಬೇರೆ ಜಾಲದಿಂದ ಹೊರಟು ನೋಡಬಹುದು. ಎಲ್ಲಿಂದ ಆರಂಭಿಸಿದರೂ, ಯಾವ ಗೆರೆಯನ್ನು ಮೊದಲು ತಿದ್ದಿದರೂ, ಕೊನೆಗೆ ಉಳಿಯುವ ನಾಲ್ಕು ತ್ರಿಭುಜಗಳು ಅವೇ ಆಗಿರುತ್ತವೆ.